ತೊಂಬತ್ತು ಡಿಗ್ರಿಯ ಸೊನ್ನೆ

ಇಡೀ ತರಗತಿ ‘ಪ್ರಶ್ನೆಪತ್ರಿಕೆ’ ಎಂದು ಕರೆಯುತ್ತಿದ್ದ ಹುಡುಗಿ ಮೂರನೆಯ ಸಲವೂ ಅವೇ ಅಂಕಿಗಳನ್ನು ತಂದು ಮೇಜಿನ ಮೇಲಿಟ್ಟಾಗ, ಡೆಮೋ ಮೇಡಂ ಕೆಂಪು ಪೆನ್ನಿನ ಮುಚ್ಚಳ ತೆಗೆದಾಗಿತ್ತು.

ಭೌತಶಾಸ್ತ್ರ ವಿಭಾಗದಲ್ಲಿ ಅವಳು ಡೆಮಾನ್‌ಸ್ಟ್ರೇಟರ್. ಉಪಕರಣ ಜೋಡಿಸುವುದು, ಹುಡುಗರು ತೆಗೆದ ರೀಡಿಂಗ್‌ಗಳನ್ನು ಸರಿಯುತ್ತರಗಳ ಕೀ ಪಟ್ಟಿಯ ಜೊತೆ ಹೋಲಿಸಿ ಅಂಕ ಹಾಕುವುದು, ಸಂಜೆ ಎಲ್ಲ ಒಳಗಿಟ್ಟು ಬೀಗ ಹಾಕುವುದು, ಇಷ್ಟು ಅವಳ ಕೆಲಸ. ಪ್ರಯೋಗ ತಾನೇ ಮಾಡುವುದು ಅವಳ ಕೆಲಸವಲ್ಲ. ಮಾಡುವ ಆಸೆಯನ್ನೂ ಅವಳು ಹನ್ನೆರಡು ವರ್ಷದ ಹಿಂದೆಯೇ ಬಿಟ್ಟಿದ್ದಳು.

"ಮತ್ತೆ ಮಾಡು," ಎಂದಳು.

"ಮಾಡ್ತೀನಿ ಮೇಡಂ. ಆದ್ರೆ ಒಂದು ಪ್ರಶ್ನೆ."

"ಒಂದೇ ತಾನೆ?"

ಹುಡುಗಿ ನಗಲಿಲ್ಲ. ಅವಳು ಪ್ರಯೋಗಕ್ಕೆ ಕೂತಿದ್ದದ್ದು ಮಾಲಸ್ ನಿಯಮದ ಬೆಂಚಿನಲ್ಲಿ. ಕತ್ತಲೆ ಕೋಣೆಯ ಮೂಲೆಯ ಬೆಂಚದು. ಒಂದು ತುದಿಯಲ್ಲಿ ಕೆಂಪು ಲೇಸರ್, ಮಧ್ಯದಲ್ಲಿ ಒಂದೇ ದಿಕ್ಕಿನ ಕಂಪನದ ಬೆಳಕನ್ನು ಬಿಡುವ ಎರಡು ಪೋಲರಾಯ್ಡ್ ಹಾಳೆಗಳು, ಇನ್ನೊಂದು ತುದಿಯಲ್ಲಿ ಬೆಳಕು ಬಿದ್ದಷ್ಟು ಕರೆಂಟ್ ಹರಿಸುವ ಫೋಟೋಡಯೋಡ್. ಮೊದಲ ಹಾಳೆ ಅಲುಗುವುದಿಲ್ಲ. ಎರಡನೆಯದು ಡಿಗ್ರಿಗಳನ್ನು ಕೆತ್ತಿದ ಬಳೆಯೊಳಗೆ ಅಂಟಿಕೊಂಡಿದೆ. ಬಳೆ ತಿರುಗಿಸಿದಂತೆ ದಾಟಿ ಬರುವ ಬೆಳಕು ಕಡಿಮೆಯಾಗುತ್ತ ಹೋಗಬೇಕು. ಸೊನ್ನೆಯಲ್ಲಿ ಪೂರ್ತಿ, ನಲವತ್ತೈದರಲ್ಲಿ ಅರ್ಧ, ತೊಂಬತ್ತರಲ್ಲಿ ಏನೂ ಇಲ್ಲ. ಕೋನದ ಕೊಸೈನ್‌ನ ವರ್ಗ ಎಷ್ಟೋ ಬೆಳಕು ಅಷ್ಟು, ನಿಯಮ ಹೇಳುವುದು ಇಷ್ಟೇ.

ಹುಡುಗಿಯ ಪುಸ್ತಕದಲ್ಲಿ ಸೊನ್ನೆಗೆ ಎಂಬತ್ತಾರು ಮೈಕ್ರೋ ಆಂಪಿಯರ್ ಇತ್ತು. ಅದರ ಅರ್ಧ ನಲವತ್ತಮೂರು. ಆದರೆ ಬಲಕ್ಕೆ ನಲವತ್ತೈದು ಡಿಗ್ರಿ ತಿರುಗಿಸಿದಾಗ ಬಂದದ್ದು 39.4. ಎಡಕ್ಕೆ ನಲವತ್ತೈದು ತಿರುಗಿಸಿದರೆ 48.3.

"ಮೊದಲನೇ ಸಲ ಬಲಕ್ಕೆ 39.4 ಬಂತು. ಎರಡನೇ ಸಲ 39.5. ಈಗ 39.3," ಎಂದಳು ಪ್ರಶ್ನೆಪತ್ರಿಕೆ. "ನನ್ನ ಕೈ ಸರಿಯಿಲ್ಲ, ಅದಕ್ಕೇ ತಪ್ಪು ಬರ್ತಿದೆ ಅಂತ ನೀವಂದ್ರಿ. ಕೈ ಸರಿಯಿಲ್ದೆ ಹೋದ್ರೆ ಒಂದ್ಸಲ ಒಂದೊಂದು ಥರ ತಪ್ಪಾಗ್ಬೇಕಲ್ವಾ ಮೇಡಂ? ಮೂರು ಸಲನೂ ಅದೇ ತಪ್ಪು ಹೆಂಗಾಗತ್ತೆ?"

ಡೆಮೋ ಮೇಡಂ ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

"ಪುಸ್ತಕ ಇಲ್ಲೇ ಬಿಟ್ಟು ಹೋಗು. ನಾಳೆ ಹೇಳ್ತೀನಿ," ಎಂದಳು. ಧ್ವನಿ ಸ್ವಲ್ಪ ಒಡೆದಿತ್ತು. ಹುಡುಗಿಗೆ ಅದು ಸಿಟ್ಟಿನಂತೆ ಕೇಳಿಸಿರಬೇಕು, ಚೀಲ ಎತ್ತಿಕೊಂಡು ಮೆಲ್ಲಗೆ ಹೊರಟುಹೋದಳು.

ಸಿಟ್ಟೇನೂ ಇರಲಿಲ್ಲ. ಹನ್ನೆರಡು ವರ್ಷದ ಹಿಂದೆ, ಇದೇ ಕೋಣೆಯ ಇದೇ ಬೆಂಚಿನಲ್ಲಿ, ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವಳಿಗೂ ಬಲಕ್ಕೆ ಕಡಿಮೆ, ಎಡಕ್ಕೆ ಹೆಚ್ಚು ಬಂದಿತ್ತು. ಅವಳೂ ಮೂರು ಸಲ ತೆಗೆದಿದ್ದಳು. ಮೂರು ಸಲವೂ ಅದೇ ಬಂದಿತ್ತು. ‘ದೋಷಗಳು’ ಎಂಬ ಶೀರ್ಷಿಕೆಯ ಕೆಳಗೆ, ಬಳೆಯ ಸೊನ್ನೆ ಮೂರು ಡಿಗ್ರಿಯಷ್ಟು ಓರೆ ಇದ್ದಂತಿದೆ ಎಂದು ಬರೆದೂ ಇದ್ದಳು. ಅದರ ಮೇಲೆ ಕೆಂಪು ಗೆರೆ ಎಳೆದವರು ಮೇಷ್ಟ್ರು.

ಮೇಷ್ಟ್ರು ಎಂದರೆ ವಿಭಾಗದ ಮುಖ್ಯಸ್ಥರು. ಅವಳಿಗೆ ಅಪ್ಪ ತೀರಿಕೊಂಡ ಮೇಲೆ ಅಪ್ಪನ ಜಾಗದಲ್ಲಿ ನಿಂತವರು ಎಂದರೂ ಸರಿಯೆ. ಮೊದಲ ವರ್ಷ ತರಗತಿಗೆ ಬಂದ ದಿನವೇ ಬೋರ್ಡಿನ ಮೇಲೆ, ‘ಕಂಡದ್ದನ್ನು ಬರೆಯಿರಿ, ಕಾಣಬೇಕೆಂದದ್ದನ್ನಲ್ಲ’ ಎಂದು ಬರೆದು, ಅದನ್ನು ವರ್ಷವಿಡೀ ಅಳಿಸಲು ಬಿಡದವರು. ಪರೀಕ್ಷೆ ಮುಗಿದ ಮೇಲೆ ಅವಳನ್ನು ಕೋಣೆಗೆ ಕರೆದು, ಎದುರಿಗೆ ಕೂರಿಸಿಕೊಂಡು, "ನೋಡು ತಾಯಿ, ನಿನಗೆ ಬುದ್ಧಿ ಇದೆ, ಶ್ರದ್ಧೆ ಇದೆ. ಆದ್ರೆ ಕೈ ಇಲ್ಲ. ಪ್ರಯೋಗ ನಿನ್ನ ದಾರಿ ಅಲ್ಲ," ಎಂದಿದ್ದರು. ಎಷ್ಟು ಮೆತ್ತಗೆ ಹೇಳಿದ್ದರೆಂದರೆ ಅವಳು ಥ್ಯಾಂಕ್ಸ್ ಹೇಳಿ ಎದ್ದು ಬಂದಿದ್ದಳು. ಆ ಪ್ರಾಕ್ಟಿಕಲ್ ಅಂಕದಿಂದಾಗಿ ದೂರದ ಸಂಶೋಧನಾ ಸಂಸ್ಥೆಯಲ್ಲಿ ಕೈಗೆ ಬಂದಂತಿದ್ದ ಸೀಟು ತಪ್ಪಿತು. ಎರಡು ವರ್ಷ ಅಲ್ಲಿ ಇಲ್ಲಿ ಟ್ಯೂಷನ್ ಹೇಳಿ ಸಾಕಾಗಿದ್ದಾಗ, ಓಡಾಡಿ, ಅವರಿವರಿಗೆ ಹೇಳಿ, ಈ ಕೆಲಸ ಕೊಡಿಸಿದವರೂ ಮೇಷ್ಟ್ರೇ. ಅವರ ಹೆಸರು ಹೇಳದೆ ಅವಳ ಅಮ್ಮ ಒಂದು ದಿನವೂ ಊಟಕ್ಕೆ ಕೂತವಳಲ್ಲ.

ಅವಳು ಕತ್ತಲೆ ಕೋಣೆಯ ಬಾಗಿಲು ಎಳೆದುಕೊಂಡು ಬೆಂಚಿನ ಮುಂದೆ ಕೂತಳು. ಗೋಡೆ ಗಡಿಯಾರದಲ್ಲಿ ಮೂರೂವರೆ.

ಲೇಸರ್ ಆಗಲೇ ಬಿಸಿಯಾಗಿತ್ತು. ಆದರೂ ಇನ್ನೂ ಹತ್ತು ನಿಮಿಷ ಬಿಟ್ಟಳು. ಮೊದಲು ಕತ್ತಲೆಯ ಲೆಕ್ಕ. ಫೋಟೋಡಯೋಡಿಗೆ ಬ್ಯಾಟರಿಯಿಂದ ಹಿಮ್ಮುಖ ವೋಲ್ಟೇಜು ಕೊಟ್ಟಿರುವುದರಿಂದ ಬೆಳಕೇ ಇಲ್ಲದಿದ್ದರೂ ಒಂದಿಷ್ಟು ಕರೆಂಟ್ ಸೋರುತ್ತದೆ. ಡಾರ್ಕ್ ಕರೆಂಟ್ ಎನ್ನುವುದು ಅದನ್ನೇ. ಪ್ರತಿ ರೀಡಿಂಗ್‌ನಿಂದಲೂ ಅದನ್ನು ಕಳೆಯಬೇಕು. ಹುಡುಗಿ ಡಯೋಡಿನ ಮೂತಿಗೆ ಕಪ್ಪು ಮುಚ್ಚಳ ಹಾಕಿ 0.1 ಎಂದು ಬರೆದುಕೊಂಡಿದ್ದಳು. ಕೈಪಿಡಿಯಲ್ಲಿ ಇರುವುದೂ ಹಾಗೆಯೇ. ಡೆಮೋ ಮೇಡಂ ಮುಚ್ಚಳ ತೆಗೆದಳು. ಅದರ ಬದಲು ಲೇಸರಿನ ಬಾಯಿಗೆ ಒಂದು ಕಪ್ಪು ರಟ್ಟು ಅಡ್ಡ ಹಿಡಿದಳು. ಮೀಟರು 1.4 ತೋರಿಸಿತು.

ಅವಳಿಗೆ ಸಣ್ಣ ನಗು ಬಂತು. ಬಾಗಿಲ ಸಂದಿಯ ಬೆಳಕು, ಪಕ್ಕದ ಬೆಂಚಿನ ಪುಟ್ಟ ದೀಪ, ಎಲ್ಲ ಡಯೋಡಿನ ಕಣ್ಣಿಗೆ ಬೀಳುತ್ತಿದ್ದವು. ಮುಚ್ಚಳ ಹಾಕಿದರೆ ಅವೂ ಮುಚ್ಚಿಹೋಗುತ್ತವೆ. ಕಳೆಯಬೇಕಾದ್ದು ಡಯೋಡಿನ ಸೋರಿಕೆಯನ್ನಷ್ಟೇ ಅಲ್ಲ, ಲೇಸರ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ.

ಆಮೇಲೆ ಬಳೆಯನ್ನು ಮೆಲ್ಲಗೆ ತಿರುಗಿಸುತ್ತ ಬೆಳಕು ಎಲ್ಲಿ ತೀರ ಕಡಿಮೆಯಾಗುತ್ತದೆ ಎಂದು ಹುಡುಕಿದಳು. ತೊಂಬತ್ತರಲ್ಲಿ 1.7 ಇತ್ತು. ಎಂಬತ್ತೇಳಕ್ಕೆ ಬಂದಾಗ 1.5ಕ್ಕೆ ಇಳಿದು, ಅಲ್ಲಿಂದ ಮತ್ತೆ ಏರತೊಡಗಿತು. ಅಂದರೆ ನಿಜವಾದ ತೊಂಬತ್ತು ಇರುವುದು ಎಂಬತ್ತೇಳರಲ್ಲಿ. ಅಲ್ಲೂ ಕತ್ತಲೆಯ 1.4 ಕಳೆದರೆ 0.1 ಉಳಿಯುತ್ತದೆ. ಯಾವ ಪೋಲರಾಯ್ಡೂ ಬೆಳಕನ್ನು ಪೂರ್ತಿ ತಡೆಯುವುದಿಲ್ಲವಾದ್ದರಿಂದ ಅದು ಇರಬೇಕಾದ್ದೇ. ಸೊನ್ನೆಯಿಂದ ಎಡಕ್ಕೆ ಮೂರು ಡಿಗ್ರಿಯಲ್ಲಿ ಅತಿ ಹೆಚ್ಚಿನ ಬೆಳಕು, 86.4. ಕತ್ತಲೆ ಕಳೆದರೆ ಎಂಬತ್ತೈದು. ಬಲ ಎಡ ಎರಡೂ ನಲವತ್ತೈದರ ಸರಾಸರಿ ತೆಗೆದು ಕತ್ತಲೆ ಕಳೆದಳು. ನಲವತ್ತೆರಡೂವರೆಗೆ ಕೂದಲೆಳೆಯಷ್ಟು ಕಡಿಮೆ. ಎಂಬತ್ತೈದರ ಅರ್ಧ.

ಇನ್ನೊಂದು ಅನುಮಾನ ಉಳಿದಿತ್ತು. ಓರೆ ಇರುವುದು ಬಳೆಯಲ್ಲೋ, ಅಲುಗದೆ ನಿಂತಿರುವ ಮೊದಲ ಹಾಳೆಯಲ್ಲೋ? ಬಳೆಯ ಎರಡೂ ಮುಖದಲ್ಲಿ ಡಿಗ್ರಿಗಳನ್ನು ಕೆತ್ತಿದ್ದರು. ಅದನ್ನು ಬಿಚ್ಚಿ ಹಿಂದುಮುಂದಾಗಿ ಕೂರಿಸಿದಳು. ತಪ್ಪು ಬಳೆಯದ್ದಾದರೆ ಅದೂ ತಿರುಗಿಕೊಳ್ಳಬೇಕು. ತಿರುಗಿಕೊಂಡಿತು. ಈಗ ಬಲಕ್ಕೆ 48.2, ಎಡಕ್ಕೆ 39.5. ಕೊನೆಗೆ ರಟ್ಟು ಹಿಡಿದು ಕತ್ತಲೆಯನ್ನು ಇನ್ನೊಮ್ಮೆ ನೋಡಿದಳು. 1.4. ಲೇಸರೂ ಕದಲಿರಲಿಲ್ಲ, ಕೋಣೆಯ ಬೆಳಕೂ ಬದಲಾಗಿರಲಿಲ್ಲ.

ತನ್ನ ಎರಡೂ ಕೈಗಳನ್ನು ಮೀಟರಿನ ಮಂದ ಬೆಳಕಿಗೆ ಹಿಡಿದು ನೋಡಿಕೊಂಡಳು. ಅಲುಗಾಟವಿರಲಿಲ್ಲ. ಮೊದಲೂ ಇದ್ದಿರಲಿಕ್ಕಿಲ್ಲ.

ಆ ಸಂಜೆ ಮನೆಗೆ ಹೋದವಳ ಮುಖ ನೋಡಿ ಗಂಡ, "ಏನು, ಸಂಬಳ ಜಾಸ್ತಿ ಮಾಡಿದ್ರಾ?" ಎಂದ. ಅವನು ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವವನು. ಅವಳು ಕೈಕಾಲು ತೊಳೆಯುವ ಮೊದಲೇ ಎಲ್ಲ ಹೇಳಿಬಿಟ್ಟಳು.

"ಅಂದ್ರೆ ಹಾಳೆ ಓರೆ ಅಂಟಿಸಿದ್ದಾರೆ. ಅಷ್ಟೇ ತಾನೆ? ಸಿಲಿಂಡರ್ ಪವರಿನ ಗಾಜು ಮೂರು ಡಿಗ್ರಿ ಓರೆ ಕೂರಿಸಿದ್ರೆ ಗಿರಾಕಿ ಮಾರನೇ ದಿನವೇ ಬಂದು ನನ್ನ ಕುತ್ತಿಗೆ ಹಿಡೀತಾರೆ. ನಿಮ್ಮಲ್ಲಿ ಇಷ್ಟು ವರ್ಷ ಯಾರೂ ಕೇಳಲೇ ಇಲ್ವಾ?"

"ನಾನು ಕೇಳಿದ್ದೆ," ಎಂದಳು. ಹೇಳಿದ ಮೇಲೆಯೇ ಆ ಮಾತು ಅವಳ ಕಿವಿಗೆ ಬಿದ್ದದ್ದು. "ಪಾಪ, ಮೇಷ್ಟ್ರಿಗೂ ಗೊತ್ತಾಗಿಲ್ಲ ನೋಡಿ. ನಾಳೆ ಹೇಳಿದ್ರೆ ಎಷ್ಟು ಖುಷಿ ಪಡ್ತಾರೋ!"

ಮೂಲೆಯಲ್ಲಿ ಕಾಳು ಬಿಡಿಸುತ್ತ ಕೂತಿದ್ದ ಅತ್ತೆ, "ದೊಡ್ಡೋರು. ಅವರ ತಪ್ಪನ್ನ ಹುಷಾರಾಗಿ ಹೇಳು," ಎಂದರು.

ಹುಷಾರಾಗಿ ಹೇಳಬೇಕೆಂದೇ ಅವಳು ಮಾರನೆಯ ಬೆಳಿಗ್ಗೆ ಅರ್ಧ ಗಂಟೆ ಮೊದಲು ಹೋದಳು. ಹನ್ನೆರಡು ವರ್ಷದ ಹಿಂದೆ ಅವಳ ಪುಸ್ತಕವನ್ನು ಯಾವುದರ ಜೊತೆ ಹೋಲಿಸಿದ್ದರೋ ಆ ಮಾದರಿ ನೋಟ್‌ಬುಕ್ಕು ಬೀರುವಿನಲ್ಲಿತ್ತು. ಅಂಕ ಹಾಕಲು ಅವಳು ಬಳಸುತ್ತಿದ್ದ ಕೀ ಪಟ್ಟಿ ಅದರದ್ದೇ ಸಾರ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಷ್ಟ್ರು ಒಂದು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಅವಳೇ ಟೈಪ್ ಮಾಡಿದ್ದಳು. ಸೊನ್ನೆಗೆ ಒಂದು, ನಲವತ್ತೈದಕ್ಕೆ ಅರ್ಧ, ತೊಂಬತ್ತಕ್ಕೆ ಸೊನ್ನೆ, ಹೀಗೆ. ಮೂಲ ನೋಟ್‌ಬುಕ್ಕನ್ನು ಅವಳು ನೋಡಿರಲಿಲ್ಲ. ಈಗಿನ ಹಾಳೆ ಅಂಟಿಸುವ ಮೊದಲಿನ ರೀಡಿಂಗ್ ಇರಬೇಕು ಅದರಲ್ಲಿ, ಆಮೇಲೆ ಯಾವಾಗಲೋ ಓರೆಯಾಗಿದೆ ಎಂದುಕೊಂಡು ಬೀರು ತೆರೆದಳು.

ಹಳೆಯ ನೀಲಿ ರಟ್ಟಿನ ಪುಸ್ತಕ. ಮುತ್ತು ಪೋಣಿಸಿದಂಥ ಮೇಷ್ಟ್ರ ಅಕ್ಷರ. ಪುಟದ ನೆತ್ತಿಯಲ್ಲಿ, ‘ಡಾರ್ಕ್ ಕರೆಂಟ್ 0.6’. ಕೆಳಗೆ ಮೀಟರಿನ ರೀಡಿಂಗ್‌ಗಳು. ಸೊನ್ನೆಗೆ 92.0. ಮೂವತ್ತಕ್ಕೆ 69.0. ನಲವತ್ತೈದಕ್ಕೆ 46.0. ಅರವತ್ತಕ್ಕೆ 23.0. ಬಲಕ್ಕೂ ಅಷ್ಟೇ, ಎಡಕ್ಕೂ ಅಷ್ಟೇ, ಕೊನೆಯ ಅಂಕಿಯೂ ಬೇರೆಯಿಲ್ಲ. ತೊಂಬತ್ತಕ್ಕೆ 0.0. ಪಕ್ಕದಲ್ಲಿ ತಿದ್ದಿದ ಸಾಲು. ಪ್ರತಿಯೊಂದರಲ್ಲೂ 0.6 ಕಳೆದಿದ್ದರು. ತೊಂಬತ್ತರ ಮುಂದೆ ಮಾತ್ರ ಕಳೆಯದೆ ಮತ್ತೆ 0.0 ಎಂದೇ ಬರೆದಿದ್ದರು.

ಅವಳು ಆ ಎರಡು ಸೊನ್ನೆಗಳನ್ನು ನೋಡುತ್ತ ನಿಂತಳು.

ಬೆಳಕೇ ಇಲ್ಲದಾಗ 0.6 ತೋರಿಸುವ ಮೀಟರು, ಲೇಸರ್ ಉರಿಯುತ್ತಿರುವಾಗ 0.0 ಹೇಗೆ ತೋರಿಸೀತು? ಕತ್ತಲೆಗಿಂತ ಕಡಿಮೆ ಬೆಳಕು ಎಲ್ಲಿಂದ ಬಂತು? ಕತ್ತಲೆಯ ಪಾಲು ಒಳಗೆ ಸೇರಿಕೊಂಡಿರುವ ರೀಡಿಂಗ್‌ಗಳು ಮುಕ್ಕಾಲು, ಅರ್ಧ, ಕಾಲು ಎಂದು ಅಳೆದು ಕತ್ತರಿಸಿದ ಹಾಗೆ ಬರುವುದು ಸಾಧ್ಯವೇ ಇಲ್ಲ. ಯಾವ ಬೆಂಚಿನ ಮುಂದೆಯೂ ಕೂತು ಬರೆದ ಅಂಕಿಗಳಲ್ಲ ಅವು. ಕೊಸೈನ್ ಪಟ್ಟಿ ಮುಂದಿಟ್ಟುಕೊಂಡು ಗುಣಿಸಿ ಬರೆದವು.

ನೋಟ್‌ಬುಕ್ಕನ್ನು ಇದ್ದಲ್ಲೇ ಇಟ್ಟು ಬೀರು ಮುಚ್ಚಿದಳು. ಒಂದು ಫೋಟೋ ತೆಗೆದುಕೊಳ್ಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಮೇಷ್ಟ್ರ ವಿಷಯದಲ್ಲಿ ಸಾಕ್ಷಿ ಇಟ್ಟುಕೊಳ್ಳುವ ಪ್ರಸಂಗ ಬರಬಹುದೆಂದು ಅವಳು ಕನಸಿನಲ್ಲೂ ಎಣಿಸಿದವಳಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಮೇಷ್ಟ್ರು ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದರು. ಡಬ್ಬಿ ಮುಚ್ಚಿ, ಕರವಸ್ತ್ರದಿಂದ ಬೆರಳು ಒರೆಸಿಕೊಳ್ಳುತ್ತಿದ್ದರು.

"ಬಾರಮ್ಮ. ಊಟ ಆಯ್ತಾ?"

"ಆಯ್ತು ಮೇಷ್ಟ್ರೇ." ಆಗಿರಲಿಲ್ಲ. "ಮಾಲಸ್ ಬೆಂಚಿನ ಬಳೆ ಓರೆ ಇದೆ. ಮೂರು ಡಿಗ್ರಿ. ನಿನ್ನೆ ನಾನೇ ಅಳೆದೆ."

ಅವರ ಕೈ ಕರವಸ್ತ್ರದಲ್ಲೇ ನಿಂತಿತು. "ನೀನಾ?"

"ನಾನೇ. ತಿರುಗಿಸಿ ಹಾಕಿನೂ ನೋಡಿದೆ."

"ಓ." ಕರವಸ್ತ್ರ ಮಡಚಿ ಜೇಬಿಗಿಟ್ಟು, "ಆ ಹಾಳೆ ಅಂಟಿಸಿದ್ದು ನಾನೇ ಕಣಮ್ಮ. ಆಗ ಕಣ್ಣಳತೆಯಲ್ಲೇ ಮಾಡಿದ್ದು. ಚೂರು ಆಚೀಚೆ ಆಗಿರತ್ತೆ. ಬೇರೆ ಅಂಟಿಸಿದ್ರಾಯ್ತು ಬಿಡು."

"ಮಾದರಿ ಪುಸ್ತಕನೂ ನೋಡಿದೆ."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಆ ಮುಖವನ್ನು ಅವಳು ಹೆಚ್ಚು ನೋಡಿರಲಿಲ್ಲ. ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು.

"ತೊಂಬತ್ತರಲ್ಲಿ ಸೊನ್ನೆ ಹೆಂಗೆ ಬಂತು ಮೇಷ್ಟ್ರೇ?"

"ಬಂದಿಲ್ಲ." ಅವರು ಕಿಟಕಿಯ ಕಡೆ ತಿರುಗಿ ಮಾತಾಡಿದರು. "ತಪಾಸಣೆ ತಂಡ ಬೆಳಿಗ್ಗೆ ಬರೋದಿತ್ತು. ಹಿಂದಿನ ದಿನ ಡಯೋಡು ಕೈಜಾರಿ ಬಿದ್ದು ಒಡೀತು. ಎಲ್ಲ ಪ್ರಯೋಗಕ್ಕೂ ಮಾದರಿ ಇರ್ಲೇಬೇಕು ಅಂತ ಪಟ್ಟು ಹಿಡಿದಿದ್ರು. ಕೂತು ಲೆಕ್ಕ ಹಾಕಿ ಬರೆದೆ. ಹೊಸ ಡಯೋಡು ಬಂದ್ಮೇಲೆ ಸರಿ ಮಾಡೋಣ ಅಂದ್ಕೊಂಡೆ. ಆಮೇಲೆ ಅದು ಹಂಗೇ ಉಳೀತು."

ಅವಳಿಗೆ ಅಷ್ಟು ಹೊತ್ತಿಗೂ ಅವರ ಮೇಲೆ ಕನಿಕರವೇ ಇತ್ತು. ಡಯೋಡು ಒಡೆಯುತ್ತದೆ, ತಪಾಸಣೆಯವರು ಬರುತ್ತಾರೆ, ಮನುಷ್ಯ ಹೆದರುತ್ತಾನೆ. ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಇನ್ನೊಂದು ಪ್ರಶ್ನೆ ಕೇಳದೆ ಎದ್ದು ಬಂದಿದ್ದರೆ ಪ್ರಾಯಶಃ ಹಾಕಿಕೊಂಡೂ ಬಿಡುತ್ತಿದ್ದಳು.

"ನನ್ನ ಪರೀಕ್ಷೆ ದಿನ… ನನ್ನ ರೀಡಿಂಗ್ ಸರಿ ಅಂತ ನಿಮಗೆ ಗೊತ್ತಿತ್ತಾ?"

ಹೊರಗೆ ಮೆಟ್ಟಿಲ ಮೇಲೆ ಯಾರೋ ನಗುತ್ತ ಇಳಿದುಹೋದರು.

"ಗೊತ್ತಿತ್ತು," ಎಂದರು ಮೇಷ್ಟ್ರು.

ಕನ್ನಡಕ ಕೈಗೆತ್ತಿಕೊಂಡು, ಹಾಕಿಕೊಳ್ಳದೆ ಹಾಗೇ ಇಟ್ಟರು.

"ಹೊರಗಿನ ಪರೀಕ್ಷಕರು ಪಕ್ಕದಲ್ಲೇ ಕೂತಿದ್ರು ತಾಯಿ. ಎರಡೂ ಪುಸ್ತಕ ಅವರ ಮುಂದೆ ತೆರೆದಿತ್ತು. ಮೂರು ಡಿಗ್ರಿ ಓರೆ ಅಂತ ನೀನು ಸ್ಪಷ್ಟವಾಗಿ ಬರೆದಿದ್ದೆ. ನಿಂದು ಸರಿ ಅಂದಿದ್ರೆ ನಂದು ಸುಳ್ಳು ಅಂತ ಆಗ್ತಿತ್ತು. ಅವರು ನನ್ನ ಮುಖ ನೋಡಿದ್ರು. ನಾನು… ಹುಡುಗಿಯ ಕೈ ಸರಿಯಿಲ್ಲ ಅಂದೆ."

"ಆಮೇಲೆ ನನ್ನನ್ನ ಕರೆದು ಕೂರಿಸಿಕೊಂಡು ಹೇಳಿದ್ರಲ್ಲ. ಅದು?"

"ನೀನು ಮರುಪರಿಶೀಲನೆ ಕೇಳಬಾರದು ಅಂತ." ಅವರ ಧ್ವನಿ ತೀರ ಇಳಿದಿತ್ತು. "ಅದಕ್ಕೇ ಅಲ್ವಾ ಈ ಕೆಲಸ ಕೊಡಿಸಿದ್ದು. ಎಷ್ಟು ಜನರ ಕಾಲು ಹಿಡಿದಿದೀನಿ ಗೊತ್ತಾ ನಿನಗೆ?"

ಕಳೆದುಹೋದ ಸೀಟಿಗಾಗಿ ಅವಳು ಅತ್ತು ಮುಗಿಸಿ ಎಷ್ಟೋ ಕಾಲವಾಗಿತ್ತು. ಆದರೆ ಈ ಕೆಲಸ ಒಂದು ಪ್ರೀತಿಯಿಂದ ಬಂದದ್ದೆಂದು ನಂಬಿದ್ದಳಲ್ಲ, ಆ ನಂಬಿಕೆಯ ಮೇಲೆ ಮನೆಯನ್ನೇ ಕಟ್ಟಿಕೊಂಡಿದ್ದಳಲ್ಲ. ಬಾಯಿ ಮುಚ್ಚಿಸಲು ಕೊಟ್ಟದ್ದನ್ನು ಅವಳು ಇಷ್ಟು ವರ್ಷ ಎರಡೂ ಕೈಯೊಡ್ಡಿ ಪಡೆದಿದ್ದಳು.

"ಕೀ ಪಟ್ಟಿ ಬದಲಾಯಿಸ್ಬೇಕು," ಎಂದಳು. "ಈ ವರ್ಷ ಹನ್ನೊಂದು ಜನರಿಗೆ ಅಂಕ ಕಡಿದಿದೀನಿ. ಅವನ್ನ ವಾಪಸ್ ಕೊಡ್ಬೇಕು."

"ಇನ್ನು ನಾಲ್ಕು ತಿಂಗಳಿಗೆ ನನ್ನ ನಿವೃತ್ತಿ. ಅಲ್ಲೀವರೆಗೆ ತಡ್ಕೋ. ಆಮೇಲೆ ನಿನಗೆ ಬೇಕಾದ್ದು ಮಾಡ್ಕೋ. ನಿನ್ನ ಕಾಲಿಗೆ ಬೀಳ್ಬೇಕಾ ಹೇಳು?"

"ಬೇಡ ಸರ್," ಎಂದು ಅವಳು ಹೊರಗೆ ಬಂದಳು.

ಮನೆಗೆ ಬಂದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತವಳು ದೀಪ ಹಾಕಿರಲಿಲ್ಲ. ಗಂಡ ಬಂದು ಹಾಕಿದ. ಅವಳು ನಡೆದದ್ದನ್ನು ಹೇಳಿದಳು. ಅವನು ಪಕ್ಕದಲ್ಲೇ ನಿಂತು ಕೇಳಿದ. ಕೊನೆಗೆ, "ನಿನ್ನ ಕೈ ಸರಿಯಿಲ್ಲ ಅಂತ ಹೇಳಿ ಅವರೇ ಕೈಕೊಟ್ರಲ್ಲ ಮಾರಾಯ್ತಿ," ಎಂದ. ನಗಿಸಲು ಹೇಳಿದ್ದು. ಆದರೆ ಅವಳಿಗೆ ಅಳು ಬಂತು.

"ಮನೇಲಿ ಒಂದು ಲೋಟ ಬಿದ್ದು ಒಡೆದ್ರೂ ನಾನು ಏನಂತಿದ್ದೆ ಹೇಳಿ. ನನ್ನ ಕೈಯೇ ಹಿಂಗೆ ಅಂತಿದ್ದೆ. ಮಗು ಹುಟ್ಟಿದಾಗ ಸ್ನಾನ ಮಾಡಿಸೋಕೆ ಹೆದರಿ ಅತ್ತೆ ಕೈಗೆ ಕೊಡ್ತಿದ್ದೆ. ಕೈಜಾರಿ ಬೀಳಿಸಿಬಿಟ್ರೆ ಅಂತ. ಇದನ್ನೆಲ್ಲ ಯಾರ ಲೆಕ್ಕಕ್ಕೆ ಹಾಕೋದು?"

ಅತ್ತೆ ಬಾಗಿಲಲ್ಲಿ ನಿಂತಿದ್ದರು. ದೊಡ್ಡೋರು, ಹುಷಾರಾಗಿ ಹೇಳು ಎಂದ ಬಾಯಿಯಲ್ಲೇ, "ಕಾಗದ ಬರೆದು ಕೊಡು. ಬಾಯಿ ಮಾತಲ್ಲಿ ಬಿಡಬೇಡ," ಎಂದರು.

ಪ್ರಾಂಶುಪಾಲರಿಗೆ ಬರೆದುಕೊಟ್ಟಳು. ಯಾರ ಮೇಲೂ ದೂರಿರಲಿಲ್ಲ ಅದರಲ್ಲಿ. ಬಳೆ ಓರೆ ಇದೆ, ಡಾರ್ಕ್ ಕರೆಂಟ್ ತೆಗೆಯುವ ರೀತಿ ತಪ್ಪಿದೆ, ಮಾದರಿ ಪುಸ್ತಕದ ಅಂಕಿಗಳು ಈ ಬೆಂಚಿನಲ್ಲಿ ಬರುವಂಥವಲ್ಲ, ಕೀ ಪಟ್ಟಿ ಹಿಂದಕ್ಕೆ ಪಡೆಯಬೇಕು ಎಂದಷ್ಟೇ ಇತ್ತು. ತನ್ನ ರೀಡಿಂಗ್‌ಗಳನ್ನೆಲ್ಲ ಲಗತ್ತಿಸಿದ್ದಳು. ವಾರದ ಮೇಲೆ ಪ್ರಾಂಶುಪಾಲರು ಸಭೆ ಕರೆದರು. ಅವರು ರಸಾಯನಶಾಸ್ತ್ರದ ಹೆಂಗಸು, ಮಾತು ಕಡಿಮೆ.

"ಮಾದರಿ ಪುಸ್ತಕ ಎಲ್ಲಿ?" ಎಂದು ಕೇಳಿದರು.

"ಹಳೇದು ಮೇಡಂ. ಗೆದ್ದಲು ಹಿಡಿದಿತ್ತು," ಎಂದರು ಮೇಷ್ಟ್ರು. "ಹೋದ ವಾರ ಹಳೇ ಪೇಪರ್ ಜೊತೆ ಹಾಕಿಸಿದೆ."

ಡೆಮೋ ಮೇಡಂ ಅವರ ಮುಖ ನೋಡಿದಳು. ಅವರು ನೋಡಲಿಲ್ಲ.

"ಹಾಗಾದರೆ ಈ ಕೀ ಪಟ್ಟಿ?"

"ಅದನ್ನ ಟೈಪ್ ಮಾಡಿದ್ದು ಇವರೇ ಮೇಡಂ." ಇಷ್ಟು ವರ್ಷ ತಾಯಿ, ಕಣಮ್ಮ ಎಂದವರು ಈಗ ‘ಇವರು’ ಎಂದರು. "ಟೈಪ್ ಮಾಡುವಾಗ ಏನೋ ಹೆಚ್ಚುಕಡಿಮೆ ಆಗಿರಬಹುದು. ನಾನೂ ನೋಡ್ಬೇಕಿತ್ತು. ನೋಡಲಿಲ್ಲ, ಅದು ನನ್ನ ತಪ್ಪು."

ತಪ್ಪು ಒಪ್ಪಿಕೊಂಡ ದೊಡ್ಡ ಮನುಷ್ಯನ ಹಾಗೆ ತಲೆ ತಗ್ಗಿಸಿದರು. ಸುತ್ತ ಕೂತವರಿಗೆಲ್ಲ ಅಯ್ಯೋ ಅನ್ನಿಸಿತು. ಅವಳಿಗೆ ಮಾತ್ರ ಅನ್ನಿಸಲಿಲ್ಲ. ಒಮ್ಮೆ ಹೆದರಿ ಮಾಡಿದ್ದನ್ನು ಹೆದರಿಕೆ ಎನ್ನಬಹುದು. ಎರಡನೆಯ ಸಲವೂ ಅದೇ ಕೈ, ಅದೇ ದಿಕ್ಕಿಗೆ ತಿರುಗಿದರೆ?

"ಪುಸ್ತಕ ಇಲ್ದಿದ್ರೆ ಬೇಡ ಮೇಡಂ," ಎಂದಳು. "ಬೆಂಚು ಇದೆ. ಬನ್ನಿ, ಅಳೆದು ತೋರಿಸ್ತೀನಿ."

ಐದು ಜನ ಕತ್ತಲೆ ಕೋಣೆಯಲ್ಲಿ ಒತ್ತಿಕೊಂಡು ನಿಂತರು. ಅವಳು ಯಾವ ಅವಸರವನ್ನೂ ಮಾಡಲಿಲ್ಲ. ಲೇಸರ್ ಹಚ್ಚಿ ಕಾಲು ಗಂಟೆ ಬಿಟ್ಟಳು. ರಟ್ಟು ಅಡ್ಡ ಹಿಡಿದಳು. ಅಷ್ಟು ಜನ ಬಾಗಿಲ ಸಂದಿಗೆ ಅಡ್ಡ ನಿಂತದ್ದರಿಂದ ಅಂದು 1.4ರ ಬದಲು 1.1 ಇತ್ತು. ಅದನ್ನೇ ಬರೆದುಕೊಂಡಳು.

"ನಮ್ಮಲ್ಲಿ ಬ್ಲ್ಯಾಂಕ್ ತೆಗೆದ ಹಾಗೆ," ಎಂದರು ಪ್ರಾಂಶುಪಾಲರು.

"ಹೌದು ಮೇಡಂ. ಎಲ್ಲ ಇದ್ದ ಹಾಗೇ ಇರ್ಬೇಕು, ಅಳೀಬೇಕಾದ್ದು ಒಂದು ಮಾತ್ರ ಇರಬಾರದು."

ಬಲಕ್ಕೆ ನಲವತ್ತೈದು, ಎಡಕ್ಕೆ ನಲವತ್ತೈದು. ಅಂಕಿಗಳನ್ನು ಪ್ರಾಂಶುಪಾಲರೇ ಓದಿದರು. ಬಳೆಯನ್ನು ಹಿಂದುಮುಂದು ಮಾಡಿ ಕೂರಿಸಿದಾಗ ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ ಬಂತು. ಕೊನೆಗೆ ಬಳೆಯನ್ನು ತೊಂಬತ್ತಕ್ಕೆ ತಂದು, "ಇಲ್ಲಿ ಸೊನ್ನೆ ಬರಬೇಕು ಅಂತ ಪಟ್ಟಿ ಹೇಳತ್ತೆ. ಯಾರಾದ್ರೂ ತಂದು ತೋರಿಸಿ," ಎಂದು ಪಕ್ಕಕ್ಕೆ ಸರಿದಳು. ಯಾರೂ ಮುಂದೆ ಬರಲಿಲ್ಲ. ಮೇಷ್ಟ್ರು ಬಾಗಿಲ ಹತ್ತಿರ ನಿಂತಿದ್ದರು. ಕತ್ತಲೆಯಲ್ಲಿ ಅವರ ಮುಖ ಕಾಣಿಸಲಿಲ್ಲ.

ಕೀ ಪಟ್ಟಿ ಅಂದೇ ರದ್ದಾಯಿತು. ಹನ್ನೊಂದು ಜನರ ಪುಸ್ತಕ ಹಿಂದಕ್ಕೆ ತರಿಸಿ ಅಂಕ ತಿದ್ದಿದರು. ಪ್ರಶ್ನೆಪತ್ರಿಕೆಗೆ ನಲವತ್ತಕ್ಕೆ ಮೂವತ್ತೇಳು ಬಂತು. ಮುಚ್ಚಳ ಹಾಕಿ ಡಾರ್ಕ್ ಕರೆಂಟ್ ತೆಗೆದದ್ದಕ್ಕೆ ಮೂರು ಅಂಕ ಹೋಯಿತು. "ಕೈಪಿಡೀಲಿ ಹಂಗೇ ಇತ್ತಲ್ಲ ಮೇಡಂ!" ಎಂದು ಅವಳು ಜಗಳಕ್ಕೆ ಬಂದಳು. ಡೆಮೋ ಮೇಡಂ ಯೋಚಿಸಿ ನೋಡಿ, ಅದೂ ನಿಜವೇ ಎಂದು ಆ ಮೂರನ್ನೂ ಕೊಟ್ಟಳು. ಅವಳು ಒಂಬತ್ತು ವರ್ಷದಿಂದ ಅಂಕ ಕಡಿದು ಕಳಿಸಿದ ಉಳಿದವರೆಲ್ಲ ಎಲ್ಲೆಲ್ಲೋ ಇದ್ದರು. ಅವರಿಗೆ ಹೇಳುವ ದಾರಿಯಿರಲಿಲ್ಲ. ಹಾಜರಿ ಪಟ್ಟಿ ತೆಗೆದು ಹೆಸರುಗಳನ್ನು ಓದಿದಳು. ಎಷ್ಟು ಮಂದಿಗೆ, ನಿನ್ನ ಕೈ ಸರಿಯಿಲ್ಲ ಎಂದಿದ್ದಳೋ ನೆನಪಾಗಲಿಲ್ಲ. ಅದು ಅವಳ ಪಾಲಿನದ್ದು. ಮೇಷ್ಟ್ರ ಮೇಲೆ ಹೊರಿಸಿ ಹಗುರಾಗುವಂತಿರಲಿಲ್ಲ.

ಕಡತದಲ್ಲಿ ಮಾತ್ರ, ‘ಟೈಪಿಂಗ್ ದೋಷದಿಂದ ಉಂಟಾದ ಲೋಪ’ ಎಂದು ದಾಖಲಾಯಿತು. ಮುಂದೆ ಎಚ್ಚರವಹಿಸುವಂತೆ ಅವಳಿಗೊಂದು ಪತ್ರ ಬಂತು. ಪ್ರಾಂಶುಪಾಲರು ಅದನ್ನು ಕೈಗೆ ಕೊಡುವಾಗ, "ನನಗೆ ಅರ್ಥ ಆಗತ್ತೆ. ಪುಸ್ತಕ ಇದ್ದಿದ್ರೆ ಬೇರೆ ಮಾತು," ಎಂದರು. ಅರ್ಥವಾಗಿದ್ದರೆ ಸಹಿ ಯಾಕೆ ಹಾಕಿದಿರಿ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅಮ್ಮನಿಗೆ ಈ ವಿಷಯ ಯಾರೂ ಹೇಳಲಿಲ್ಲ. ಅವಳು ಈಗಲೂ ಊಟಕ್ಕೆ ಕೂರುವ ಮೊದಲು ಮೇಷ್ಟ್ರನ್ನು ನೆನೆಯುತ್ತಾಳೆ. ತವರಿಗೆ ಹೋದಾಗ ಆ ಹೊತ್ತಿಗೆ ಮಗಳು ಎದ್ದು ನೀರು ತರುವ ನೆಪದಲ್ಲಿ ಒಳಗೆ ಹೋಗುತ್ತಾಳೆ.

ನಾಲ್ಕು ತಿಂಗಳು ಅವರಿಬ್ಬರೂ ಒಂದೇ ಕಾರಿಡಾರಿನಲ್ಲಿ ಓಡಾಡಿದರು. ಕೊನೆಯ ದಿನ ಮೇಷ್ಟ್ರು ಬೀರುವಿನ ಕೀಲಿ ಹಿಡಿದು ಲ್ಯಾಬಿಗೆ ಬಂದರು. ಬೀಳ್ಕೊಡುಗೆಯ ಶಾಲು ಇನ್ನೂ ಹೆಗಲ ಮೇಲಿತ್ತು. ಕೀಲಿಯನ್ನು ಮೇಜಿನ ಮೇಲಿಟ್ಟು, ಹೋಗದೆ ನಿಂತರು.

"ಸಭೆಗೆ ನೀನು ಬರಲಿಲ್ಲ."

"ಪ್ರಾಕ್ಟಿಕಲ್ ಇತ್ತು ಸರ್."

"ತಾಯಿ, ನನ್ನನ್ನ ಕ್ಷಮಿಸ್ತೀಯಾ?"

ಹೌದು ಎಂದರೆ ಅವರು ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದರು. ವಯಸ್ಸಾದವರು, ಒಂದು ಮಾತಿಗೇನು ಖರ್ಚು ಎಂದೂ ಅನ್ನಿಸಿತು. ಆದರೆ ಒಳಗೆ ಹುಡುಕಿದರೆ ಅಲ್ಲಿ ಕ್ಷಮೆ ಇರಲಿಲ್ಲ. ಇಲ್ಲದ್ದನ್ನು ಇದೆ ಎಂದು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಇಲ್ಲ ಸರ್," ಎಂದಳು.

ಮೇಷ್ಟ್ರು ತಲೆಯಾಡಿಸಿದರು. ಶಾಲು ಸರಿಮಾಡಿಕೊಂಡು, ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಳಿದು ಹೋದರು. ಅವಳು ಅವರು ಕೆಳಗೆ ತಲುಪುವವರೆಗೂ ನೋಡಿದಳು. ಕೀಲಿಯನ್ನು ಮೊಳೆಗೆ ನೇತುಹಾಕಿ ಕತ್ತಲೆ ಕೋಣೆಗೆ ಹೋದಳು. ಅಲ್ಲಿ ಇಬ್ಬರು ಹುಡುಗಿಯರು ಲೇಸರ್ ಬಿಸಿಯಾಗುವುದನ್ನು ಕಾಯುತ್ತ, ಯಾರ ಮದುವೆಯದೋ ಮಾತಾಡಿ ಕಿಸಿಕಿಸಿ ನಗುತ್ತ ಕೂತಿದ್ದರು.